ಕಮಟು ತುಪ್ಪ ವಿಷವೇ? ಒಂದು ತಪ್ಪು ಉತ್ತರ ಮತ್ತು ಅದನ್ನು ತಿದ್ದಿದ ಎರಡು ಅವಧಿಗಳು

ತರಗತಿ: 10
ವಿಷಯ: ವಿಜ್ಞಾನ
ಘಟಕ: ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು
ಉಪಘಟಕ: ಕಮಟುವಿಕೆ
ಅವಧಿ: 40 ನಿಮಿಷಗಳ ಮೂರು ಅವಧಿಗಳು

ಪ್ರಶ್ನೆ ಹುಟ್ಟಿದ ಬಗೆ

ಬೋಧನಾಭ್ಯಾಸದ ಎರಡನೇ ವಾರದಲ್ಲಿ ಕಮಟುವಿಕೆಯ ಪಾಠ ನನ್ನ ಪಾಲಿಗೆ ಬಂತು. ಪಠ್ಯಪುಸ್ತಕದಲ್ಲಿ ಅದಕ್ಕಿರುವ ಜಾಗ ಅರ್ಧ ಪುಟಕ್ಕಿಂತ ಕಡಿಮೆ. ಕೊಬ್ಬು ಮತ್ತು ಎಣ್ಣೆಗಳು ಉತ್ಕರ್ಷಣಗೊಂಡಾಗ ಅವುಗಳ ವಾಸನೆ, ರುಚಿ ಬದಲಾಗುತ್ತವೆ. ಅದನ್ನು ತಡೆಯಲು ಉತ್ಕರ್ಷಣ ನಿರೋಧಕಗಳನ್ನು ಸೇರಿಸುತ್ತಾರೆ. ಚಿಪ್ಸ್ ಪೊಟ್ಟಣದಲ್ಲಿ ನೈಟ್ರೋಜನ್ ತುಂಬುತ್ತಾರೆ. ಇಷ್ಟನ್ನು ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದೆ. ಉಳಿದ ಹೊತ್ತಿನಲ್ಲಿ ಪುನರಾವರ್ತನೆಯ ಪ್ರಶ್ನೆಗಳನ್ನು ಕೇಳುತ್ತಿದ್ದಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಕಮಟು ವಾಸನೆ ಬಂದಿರೋ ತುಪ್ಪ ತಿಂದ್ರೆ ಏನಾಗುತ್ತೆ? ಬರೀ ವಾಸನೆನಾ, ಇಲ್ಲ ವಿಷ ಆಗಿರುತ್ತಾ?"

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ. ಆದರೂ ತಡವರಿಸಬಾರದೆಂದು, "ಹಾನಿಕಾರಕ, ತಿನ್ನಬಾರದು, ಚೆಲ್ಲಿಬಿಡಬೇಕು" ಎಂದು ಹೇಳಿ ಕಪ್ಪುಹಲಗೆ ಒರೆಸಿದೆ.

ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಅವಳು ನನ್ನ ಹತ್ತಿರ ಬಂದಳು. ಮನೆಯಲ್ಲಿ ಅಜ್ಜಿ ಎಮ್ಮೆ ಹಾಲಿನ ಕೆನೆ ಕೂಡಿಟ್ಟು ಹಬ್ಬಕ್ಕೆಂದು ತುಪ್ಪ ಕಾಯಿಸಿದ್ದರಂತೆ. ಅದಕ್ಕೆ ಸ್ವಲ್ಪ ವಾಸನೆ ಇತ್ತು. "ನಮ್ಮ ಮಿಸ್ ವಿಷ ಅಂದ್ರು" ಎಂದು ಇವಳು ಹೇಳಿದ್ದನ್ನು ಕೇಳಿ ತಾಯಿ ಹೆದರಿ ಅರ್ಧ ಡಬ್ಬಿ ತುಪ್ಪವನ್ನು ತಿಪ್ಪೆಗೆ ಸುರಿದುಬಿಟ್ಟಿದ್ದರು. ಅಷ್ಟರಲ್ಲಿ ಅಜ್ಜಿ ಬಂದು ಉಳಿದರ್ಧವನ್ನು ಕಿತ್ತುಕೊಂಡಿದ್ದರು. "ನಿಮ್ಮ ಮಿಸ್ ಎಂದಾದ್ರೂ ತುಪ್ಪ ಕಾಯಿಸಿದ್ದಾಳಾ ಕೇಳು" ಎಂದು ಹೇಳಿ ಕಳಿಸಿದ್ದರಂತೆ.

ಆ ಹೊತ್ತಿಗೆ ತರಗತಿಯ ಅವಲೋಕನ ಪಟ್ಟಿಯೂ ನನ್ನ ಕೈಗೆ ಬಂದಿತ್ತು. ಮಾರ್ಗದರ್ಶಕ ಉಪನ್ಯಾಸಕರು ಕೊನೆಯ ಸಾಲಿನಲ್ಲಿ, "ವಿದ್ಯಾರ್ಥಿನಿಯ ಪ್ರಶ್ನೆಗೆ ನೀಡಿದ ಉತ್ತರಕ್ಕೆ ಆಧಾರವೇನು?" ಎಂದಷ್ಟೇ ಬರೆದಿದ್ದರು. ಆಧಾರ ಇರಲಿಲ್ಲ. ಹುಡುಗಿಗೆ ಉಳಿದ ತುಪ್ಪದಲ್ಲಿ ಒಂದು ಚಿಕ್ಕ ಬಾಟಲಿಯಷ್ಟು ತರಲು ಹೇಳಿ, ವಿಷಯ ಶಿಕ್ಷಕರಿಂದ ಇನ್ನೆರಡು ಅವಧಿಗಳನ್ನು ಕೇಳಿ ಪಡೆದೆ.

ಮಕ್ಕಳ ಮಾತಿನಲ್ಲೇ ಇದ್ದ ವರ್ಗೀಕರಣ

ಎರಡನೇ ಅವಧಿಯನ್ನು ವ್ಯಾಖ್ಯೆಯಿಂದ ಶುರು ಮಾಡದೆ ಮೂಗಿನಿಂದ ಶುರು ಮಾಡಿದೆ. ಮುಚ್ಚಳವಿರುವ ಮೂರು ಚಿಕ್ಕ ಬಾಟಲಿಗಳಿಗೆ ಕ, ಖ, ಗ ಎಂದು ಚೀಟಿ ಅಂಟಿಸಿದ್ದೆ. ಕ ಬಾಟಲಿಯಲ್ಲಿ ಹೊಸದಾಗಿ ಕಾಯಿಸಿದ ತುಪ್ಪ, ಖ ಬಾಟಲಿಯಲ್ಲಿ ಅಜ್ಜಿಯ ತುಪ್ಪ, ಗ ಬಾಟಲಿಯಲ್ಲಿ ಸೂರ್ಯಕಾಂತಿ ಎಣ್ಣೆ. ಈ ಎಣ್ಣೆ ನಮ್ಮ ಕಾಲೇಜಿನ ಪ್ರಯೋಗಾಲಯದ ಕಿಟಕಿಯಲ್ಲಿ ಐದು ವಾರಗಳಿಂದ ಬಾಯಿ ತೆರೆದು ಬಿಸಿಲಿಗೆ ಕುಳಿತಿದ್ದು. ಯಾರೂ ರುಚಿ ನೋಡಬಾರದು, ಬಾಟಲಿಯನ್ನು ಮೂಗಿಗೆ ಹಿಡಿಯದೆ ಕೈಯಿಂದ ಗಾಳಿಯನ್ನು ಬೀಸಿಕೊಂಡು ವಾಸನೆ ನೋಡಬೇಕು, ಮನೆಯಲ್ಲಿ ಏನನ್ನುತ್ತೀರೋ ಅದೇ ಪದದಲ್ಲಿ ಬರೆಯಬೇಕು ಎಂದು ಹೇಳಿದೆ.

ಖ ಬಾಟಲಿಗೆ ಬಂದ ಪದಗಳು: ಹುಳಿ, ಹಳೇ ಮಜ್ಜಿಗೆ, ಪಾಪು ಹಾಲು ಕಕ್ಕಿದ ಹಾಗೆ. ಗ ಬಾಟಲಿಗೆ ಬಂದವು: ಕನರು, ಹಳೇ ಚಿಪ್ಸ್, ಬಾಗಿಲಿಗೆ ಹೊಡೆಯುವ ಬಣ್ಣ, ಹಳೇ ರಟ್ಟಿನ ಡಬ್ಬ. ಎರಡೂ ಪಟ್ಟಿಗಳಲ್ಲಿ ಒಂದೇ ಪದ ಎರಡು ಕಡೆ ಬಂದದ್ದು "ಕಮಟು" ಮಾತ್ರ. ಹಲಗೆಯ ಮೇಲೆ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಬರೆದಾಗ ಒಬ್ಬ ಹುಡುಗ, "ಮಿಸ್, ಇವೆರಡೂ ಬೇರೆ ಬೇರೆ ಕಮಟು" ಎಂದ. ನಾನು ಹೇಳಿಕೊಡಬೇಕೆಂದಿದ್ದ ಮುಖ್ಯ ಮಾತು ಅದೇ ಆಗಿತ್ತು.

ಕೊಬ್ಬು ಕೆಡುವುದಕ್ಕೆ ಎರಡು ದಾರಿಗಳಿವೆ. ನೀರಿನಿಂದ ಕೆಡುವುದು ಒಂದು, ಗಾಳಿಯಿಂದ ಕೆಡುವುದು ಇನ್ನೊಂದು. ನಮ್ಮ ಪಠ್ಯಪುಸ್ತಕ ಎರಡನೆಯದನ್ನು ಮಾತ್ರ ಹೇಳುತ್ತದೆ. ಆದರೆ ಹಳ್ಳಿಯ ಮನೆಯಲ್ಲಿ ಬೆಣ್ಣೆ, ತುಪ್ಪಕ್ಕೆ ವಾಸನೆ ಬರುವುದು ಹೆಚ್ಚಾಗಿ ಮೊದಲನೆಯ ದಾರಿಯಿಂದ.

ನೀರಿನ ದಾರಿ: ಬೆಣ್ಣೆ ಮತ್ತು ತುಪ್ಪ

ಕೊಬ್ಬಿನ ಒಂದು ಅಣುವಿನಲ್ಲಿ ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ನೀರು ಮತ್ತು ಲೈಪೇಸ್ ಎಂಬ ಕಿಣ್ವ ಸೇರಿದರೆ ಈ ಅಂಟು ಬಿಡುತ್ತದೆ, ಆಮ್ಲಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಲೈಪೇಸ್ ಹಾಲಿನಲ್ಲೂ ಇರುತ್ತದೆ, ಬೆಣ್ಣೆಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದಲೂ ಬರುತ್ತದೆ. ಮಾರುಕಟ್ಟೆಯ ಬೆಣ್ಣೆಯಲ್ಲಿ ಸುಮಾರು ನೂರಕ್ಕೆ 16 ಭಾಗ ನೀರಿರುತ್ತದೆ. ಮನೆಯಲ್ಲಿ ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಇನ್ನೂ ಹೆಚ್ಚಿರಬಹುದು. ಆದ್ದರಿಂದ ಬೆಣ್ಣೆ ಹೊರಗಿಟ್ಟರೆ ಈ ಕ್ರಿಯೆಗೆ ಬೇಕಾದದ್ದೆಲ್ಲ ಅದರೊಳಗೇ ಇದೆ.

ಕಳಚಿಕೊಂಡ ಆಮ್ಲಗಳಲ್ಲಿ ಹೆಚ್ಚಿನವು ಉದ್ದನೆಯವು. ಅವಕ್ಕೆ ವಾಸನೆ ಇಲ್ಲ. ಆದರೆ ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲ ಎಂಬ ನಾಲ್ಕೇ ಕಾರ್ಬನ್‌ಗಳ ಚಿಕ್ಕ ಆಮ್ಲವೊಂದಿದೆ. ಅದರ ಸೂತ್ರ C3H7COOH. ಚಿಕ್ಕದಾದ್ದರಿಂದ ಅದು ಸುಲಭವಾಗಿ ಗಾಳಿಗೆ ಹಾರುತ್ತದೆ, ಮೂಗಿಗೆ ಸಿಗುತ್ತದೆ. ಮಕ್ಕಳು "ಪಾಪು ಹಾಲು ಕಕ್ಕಿದ ಹಾಗೆ" ಎಂದದ್ದು ಸರಿಯಾಗಿಯೇ ಇತ್ತು. ಅಲ್ಲೂ ಇಲ್ಲೂ ಇರುವುದು ಇದೇ ಬಗೆಯ ಆಮ್ಲಗಳು. ಸೂರ್ಯಕಾಂತಿ, ಕಡಲೆಕಾಯಿ ಎಣ್ಣೆಗಳಲ್ಲಿ ಬ್ಯುಟಿರಿಕ್ ಆಮ್ಲ ಇಲ್ಲ. ಅದಕ್ಕೇ ಅವು ಎಷ್ಟೇ ಕೆಟ್ಟರೂ ಈ ಹುಳಿ ವಾಸನೆ ಬರುವುದಿಲ್ಲ.

ಈಗ ಅಜ್ಜಿಯ ತುಪ್ಪಕ್ಕೆ ಬರೋಣ. ನಾನು ಹುಡುಗಿಗೆ ಕೇಳಿದ ಪ್ರಶ್ನೆ ಒಂದೇ: "ವಾಸನೆ ಯಾವತ್ತಿಂದ ಇದೆ?" ಕಾಯಿಸಿದ ದಿನವೇ ಇತ್ತು ಎಂದಳು. ಎಮ್ಮೆ ಹಾಲು ಕಡಿಮೆಯಾಗಿದ್ದರಿಂದ ಬೆಣ್ಣೆ ಕೂಡಿಸಲು ಹತ್ತು ಹನ್ನೆರಡು ದಿನ ಹಿಡಿದಿತ್ತು; ಫ್ರಿಜ್ ಇಲ್ಲದ್ದರಿಂದ ಬೆಣ್ಣೆಯನ್ನು ಪಾತ್ರೆಯಲ್ಲಿ ನೀರು ಹಾಕಿ ಇಟ್ಟಿದ್ದರು. ಇದು ಪ್ರಕರಣವನ್ನು ಬಿಡಿಸುವ ಸುಳಿವು. ಕೆಟ್ಟದ್ದು ತುಪ್ಪವಲ್ಲ, ತುಪ್ಪವಾಗುವ ಮೊದಲೇ ಬೆಣ್ಣೆ. ಕಾಯಿಸುವಾಗ ನೀರಿನ ಹಬೆಯ ಜೊತೆಗೆ ಬ್ಯುಟಿರಿಕ್ ಆಮ್ಲ ಸ್ವಲ್ಪ ಹಾರಿಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಕಾದ ಮೇಲೆ ತುಪ್ಪದಲ್ಲಿ ನೀರು ಹೆಚ್ಚುಕಡಿಮೆ ಉಳಿಯುವುದಿಲ್ಲ, ಕಿಣ್ವವೂ ಬಿಸಿಗೆ ನಾಶವಾಗಿರುತ್ತದೆ. ಆದ್ದರಿಂದ ಕ್ರಿಯೆ ಅಲ್ಲಿಗೆ ನಿಲ್ಲುತ್ತದೆ, ಆದರೆ ಅದುವರೆಗೆ ಆದ ಆಮ್ಲ ಉಳಿಯುತ್ತದೆ. ತುಪ್ಪಕ್ಕೆ ಒದ್ದೆ ಚಮಚ ಹಾಕಿದರೆ, ಅಥವಾ ತಳದ ಗಸಿಯನ್ನು ಸೋಸದೆ ಬಿಟ್ಟರೆ, ನೀರು ಮತ್ತೆ ಒಳಗೆ ಬಂದು ಕೆಡುವ ಕೆಲಸಕ್ಕೆ ಜಾಗ ಸಿಗುತ್ತದೆ.

ಗಾಳಿಯ ದಾರಿ: ಸೂರ್ಯಕಾಂತಿ ಎಣ್ಣೆ

ಎರಡನೆಯ ದಾರಿಯಲ್ಲಿ ನೀರಿನ ಅಗತ್ಯವಿಲ್ಲ. ಕೊಬ್ಬಿನಾಮ್ಲದ ಸರಪಣಿಯಲ್ಲಿ ದ್ವಿಬಂಧಗಳಿದ್ದರೆ ಅವುಗಳ ಪಕ್ಕದ ಜಾಗಕ್ಕೆ ಆಕ್ಸಿಜನ್ ಬಂದು ಅಂಟಿಕೊಳ್ಳುತ್ತದೆ. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಜಾಗವಂತೂ ತುಂಬ ದುರ್ಬಲ. ಒಂದೇ ದ್ವಿಬಂಧವಿರುವ ಒಲಿಯಿಕ್ ಆಮ್ಲಕ್ಕಿಂತ ಎರಡಿರುವ ಲಿನೋಲಿಯಿಕ್ ಆಮ್ಲ ಸುಮಾರು ಹತ್ತು ಪಟ್ಟು ವೇಗವಾಗಿ ಉತ್ಕರ್ಷಣಗೊಳ್ಳುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಲಿನೋಲಿಯಿಕ್ ಆಮ್ಲವೇ. ತುಪ್ಪದಲ್ಲಿ ಅದು ನೂರಕ್ಕೆ ಎರಡು ಮೂರು ಭಾಗ ಮಾತ್ರ. ತುಪ್ಪವನ್ನು ಡಬ್ಬಿಯಲ್ಲಿ ತಿಂಗಳುಗಟ್ಟಲೆ ಹೊರಗಿಡಬಹುದಾಗಿರುವುದು ಇದರಿಂದಲೇ.

ಆಕ್ಸಿಜನ್ ಅಂಟಿಕೊಂಡು ಮೊದಲು ಆಗುವುದು ಪೆರಾಕ್ಸೈಡ್. ಇದಕ್ಕೆ ವಾಸನೆ ಇಲ್ಲ. ಅದು ಮುರಿದಾಗ ಹೆಕ್ಸನಾಲ್‌ನಂಥ ಚಿಕ್ಕ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಬಣ್ಣದ ಡಬ್ಬಿಯ, ಹಳೇ ಚಿಪ್ಸಿನ ವಾಸನೆ ಅವುಗಳದ್ದು. ಮಕ್ಕಳಿಗೆ ಬಣ್ಣ ನೆನಪಾದದ್ದು ಕಾಕತಾಳೀಯವಲ್ಲ. ಅಗಸೆ ಎಣ್ಣೆ ಬೆರೆಸಿದ ಬಣ್ಣ ಒಣಗುವುದೂ ಇದೇ ಕ್ರಿಯೆಯಿಂದ.

ಈ ದಾರಿಯ ಇನ್ನೊಂದು ಗುರುತು ಅದರ ನಡಿಗೆ. ಎಣ್ಣೆಯಲ್ಲಿರುವ ವಿಟಮಿನ್ ಇ ಮೊದಮೊದಲು ತಾನು ಉತ್ಕರ್ಷಣಗೊಂಡು ಎಣ್ಣೆಯನ್ನು ಕಾಯುತ್ತದೆ. ಅಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಅದು ಮುಗಿದ ಮೇಲೆ ವಾಸನೆ ಬೇಗ ಬೇಗ ಏರುತ್ತದೆ. "ಹೋದ ವಾರ ಚೆನ್ನಾಗಿತ್ತು, ಈಗ ನೋಡಿದರೆ ಹೀಗಾಗಿದೆ" ಎಂದು ಮನೆಯಲ್ಲಿ ಹೇಳುವುದು ಈ ಬಗೆಯ ಕಮಟಿನ ಬಗ್ಗೆ. ಬೆಣ್ಣೆಯಿಂದ ಬಂದ ಹುಳಿ ವಾಸನೆ ಮೊದಲ ದಿನದಿಂದ ಇರುತ್ತದೆ. ತುಪ್ಪವೂ ಬಹಳ ಕಾಲ ಬೆಳಕಿಗೆ, ಗಾಳಿಗೆ ತೆರೆದಿದ್ದರೆ ಗಾಳಿಯ ದಾರಿಯಲ್ಲಿ ಕೆಡುತ್ತದೆ. ಆಗ ವಾಸನೆ ಹುಳಿಯಾಗಿರದೆ ಕನರಾಗಿರುತ್ತದೆ. ತುಪ್ಪ ಇಳಿಸುವ ಮೊದಲು ವೀಳ್ಯದೆಲೆಯನ್ನೋ ನುಗ್ಗೆಸೊಪ್ಪನ್ನೋ ಹಾಕುವ ರೂಢಿ ಈ ಎರಡನೆಯ ದಾರಿಗೆ ಅಡ್ಡ. ಆ ಎಲೆಗಳಲ್ಲಿ ಉತ್ಕರ್ಷಣ ನಿರೋಧಕಗಳಿವೆ. ಆಗಲೇ ಹುಳಿತ ಬೆಣ್ಣೆಯನ್ನು ಅವು ಸರಿಮಾಡಲಾರವು.

ಅಳೆದು ನೋಡಿದ್ದು

ಮೂಗು ಹೇಳಿದ್ದನ್ನು ಸಂಖ್ಯೆಯಲ್ಲಿ ನೋಡಲು ಕಾಲೇಜಿನ ಪ್ರಯೋಗಾಲಯದಲ್ಲಿ ಉಪನ್ಯಾಸಕರ ಎದುರಿನಲ್ಲಿ ಎರಡು ಪರೀಕ್ಷೆಗಳನ್ನು ಮಾಡಿದೆ.

ಮೊದಲನೆಯದು ಬಿಡಿ ಆಮ್ಲದ ಪರೀಕ್ಷೆ. ನೀರಿನ ದಾರಿಯನ್ನು ಅಳೆಯುವಂಥದ್ದು. ಶಂಕುವಿನಾಕಾರದ ಪಾತ್ರೆಯಲ್ಲಿ 10 ಗ್ರಾಂ ಮಾದರಿ ತೂಗಿ, 50 ಮಿ.ಲೀ. ಬಿಸಿ ಆಲ್ಕೋಹಾಲ್ ಸೇರಿಸಿ, ಕೆಲವು ಹನಿ ಫಿನಾಲ್ಫ್‌ತಲೀನ್ ಹಾಕಿ, ಬ್ಯೂರೆಟ್ಟಿನಿಂದ 0.1 ನಾರ್ಮಲ್ NaOH ದ್ರಾವಣವನ್ನು ಕಲಕುತ್ತಾ ಬಿಡಬೇಕು. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ಉಳಿದರೆ ನಿಲ್ಲಿಸಬೇಕು. ಇಷ್ಟು ತೂಕ, ಇಷ್ಟು ಪ್ರಬಲತೆಗೆ ಲೆಕ್ಕ ಸುಲಭ: ಬಳಸಿದ ಮಿ.ಲೀ. × 0.282 = ನೂರಕ್ಕೆ ಎಷ್ಟು ಭಾಗ ಬಿಡಿ ಆಮ್ಲ (ಒಲಿಯಿಕ್ ಆಮ್ಲದ ಲೆಕ್ಕದಲ್ಲಿ).

ಮೊದಲ ಸಲ ನನ್ನ ಮೂರೂ ಅಳತೆಗಳು ವಿಪರೀತ ಹೆಚ್ಚು ಬಂದವು, ಹೊಸ ತುಪ್ಪದ್ದೂ ಸೇರಿ. ಕಾರಣ ತುಪ್ಪವಲ್ಲ, ಆಲ್ಕೋಹಾಲ್. ಅದರಲ್ಲೇ ಸ್ವಲ್ಪ ಆಮ್ಲ ಇರುತ್ತದೆ. ಮಾದರಿಗೆ ಸೇರಿಸುವ ಮೊದಲು ಅದಕ್ಕೆ ಫಿನಾಲ್ಫ್‌ತಲೀನ್ ಹಾಕಿ, ಹನಿ ಹನಿಯಾಗಿ NaOH ಬಿಟ್ಟು ತಟಸ್ಥಗೊಳಿಸಬೇಕು. ಅದನ್ನು ಮರೆತಿದ್ದೆ. ಎರಡನೆಯ ಸಲದ ಅಳತೆಗಳನ್ನೇ ಇಲ್ಲಿ ಕೊಟ್ಟಿದ್ದೇನೆ.

ಎರಡನೆಯದು ಪೆರಾಕ್ಸೈಡ್ ಪರೀಕ್ಷೆ. ಗಾಳಿಯ ದಾರಿಯನ್ನು ಅಳೆಯುವಂಥದ್ದು. 5 ಗ್ರಾಂ ಮಾದರಿಯನ್ನು ಅಸಿಟಿಕ್ ಆಮ್ಲ ಮತ್ತು ಕ್ಲೋರೋಫಾರಂ ಮಿಶ್ರಣದಲ್ಲಿ ಕರಗಿಸಿ KI ದ್ರಾವಣ ಸೇರಿಸಿದರೆ, ಪೆರಾಕ್ಸೈಡ್ ಇದ್ದಷ್ಟು ಅಯೋಡಿನ್ ಬಿಡುಗಡೆಯಾಗುತ್ತದೆ. ಗಂಜಿ ಹಾಕಿದಾಗ ನೀಲಿಯಾಗುತ್ತದೆ. ಆ ನೀಲಿ ಹೋಗುವವರೆಗೆ 0.01 ನಾರ್ಮಲ್ ಥಯೋಸಲ್ಫೇಟ್ ಬಿಡಬೇಕು. ಇಲ್ಲಿ ಬಳಸಿದ ಮಿ.ಲೀ. ಅನ್ನು 2ರಿಂದ ಗುಣಿಸಿದರೆ ಪೆರಾಕ್ಸೈಡ್ ಮೌಲ್ಯ ಸಿಗುತ್ತದೆ. ಕ್ಲೋರೋಫಾರಂ ಇರುವುದರಿಂದ ಇದನ್ನು ಶಾಲೆಯ ತರಗತಿಯಲ್ಲಿ ಮಾಡಕೂಡದು. ನಾನು ಮಕ್ಕಳಿಗೆ ಫಲಿತಾಂಶವನ್ನಷ್ಟೇ ತೋರಿಸಿದೆ.

| ಮಾದರಿ | NaOH (ಮಿ.ಲೀ.) | ಬಿಡಿ ಆಮ್ಲ (ನೂರಕ್ಕೆ) | ಥಯೋಸಲ್ಫೇಟ್ (ಮಿ.ಲೀ.) | ಪೆರಾಕ್ಸೈಡ್ ಮೌಲ್ಯ |
|---|---|---|---|---|
| ಕ: ಹೊಸ ತುಪ್ಪ | 1.3 | 0.37 | 0.4 | 0.8 |
| ಖ: ಅಜ್ಜಿಯ ತುಪ್ಪ | 9.4 | 2.65 | 0.8 | 1.6 |
| ಗ: ಬಿಸಿಲಿಗಿಟ್ಟ ಎಣ್ಣೆ | 0.9 | 0.25 | 21.0 | 42 |

ಮೂರನೇ ಅವಧಿಯಲ್ಲಿ ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆದು, "ಯಾವುದು ಹೆಚ್ಚು ಕಮಟು?" ಎಂದು ಕೇಳಿದೆ. ಆಮ್ಲದ ಕಾಲಂ ನೋಡಿದವರು ಖ ಎಂದರು, ಪೆರಾಕ್ಸೈಡಿನ ಕಾಲಂ ನೋಡಿದವರು ಗ ಎಂದರು. ಜಗಳ ಐದು ನಿಮಿಷ ನಡೆಯಿತು, ನಡುವೆ ಹೋಗಲಿಲ್ಲ. ಬಿಸಿಲಿಗಿಟ್ಟ ಎಣ್ಣೆಯ ಆಮ್ಲ ಹೊಸ ತುಪ್ಪಕ್ಕಿಂತಲೂ ಕಡಿಮೆ ಇದೆ. ಆಮ್ಲದ ಪರೀಕ್ಷೆ ಒಂದನ್ನೇ ಮಾಡಿದ್ದರೆ ಆ ಎಣ್ಣೆಗೆ ನಾವು ಪ್ರಮಾಣಪತ್ರ ಕೊಟ್ಟುಬಿಡುತ್ತಿದ್ದೆವು.

ಹೋಲಿಕೆಗೆ ಎರಡು ಮಾನದಂಡಗಳನ್ನು ಕೊಟ್ಟೆ. ಆಗ್ಮಾರ್ಕ್ ವಿಶೇಷ ದರ್ಜೆಯ ತುಪ್ಪದಲ್ಲಿ ಬಿಡಿ ಆಮ್ಲ ನೂರಕ್ಕೆ 1.4 ಮೀರಬಾರದು. ಸಂಸ್ಕರಿಸಿದ ಎಣ್ಣೆಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಪೆರಾಕ್ಸೈಡ್ ಮೌಲ್ಯ 10 ಮೀರಬಾರದು. ಅಜ್ಜಿಯ ತುಪ್ಪ ಮೊದಲನೆಯದನ್ನು ಮೀರಿದೆ, ಗ ಎಣ್ಣೆ ಎರಡನೆಯದನ್ನು ನಾಲ್ಕು ಪಟ್ಟು ಮೀರಿದೆ. ಪೆರಾಕ್ಸೈಡ್ ಪರೀಕ್ಷೆಗೂ ಒಂದು ಮಿತಿ ಇದೆ. ಪೆರಾಕ್ಸೈಡ್ ಮುರಿದು ಆಲ್ಡಿಹೈಡ್ ಆಗುವುದರಿಂದ, ತುಂಬ ಹಳೆಯ ಎಣ್ಣೆಯಲ್ಲಿ ಅದರ ಮೌಲ್ಯ ಮತ್ತೆ ಇಳಿಯಬಹುದು. ಆಗ ಕಾಗದದಲ್ಲಿ ಸಂಖ್ಯೆ ಚೆನ್ನಾಗಿರುತ್ತದೆ, ಎಣ್ಣೆ ಮಾತ್ರ ನಾರುತ್ತಿರುತ್ತದೆ.

ಹಾನಿಯೇ, ಬರೀ ವಾಸನೆಯೇ?

ಇಷ್ಟಾದ ಮೇಲೆ ಹುಡುಗಿಯ ಪ್ರಶ್ನೆಗೆ ಮರಳಿದೆ. ಕಮಟು ಎರಡಾದ ಮೇಲೆ ಉತ್ತರವೂ ಎರಡು.

ಹುಳಿ ವಾಸನೆಯ ತುಪ್ಪ ವಿಷವಲ್ಲ. ಅದರಲ್ಲಿ ಬಿಡಿಯಾಗಿರುವ ಆಮ್ಲಗಳು ಹೊಸ ತುಪ್ಪದಲ್ಲಿ ಅಂಟಿಕೊಂಡಿರುವ ಆಮ್ಲಗಳೇ. ನಾವು ತುಪ್ಪ ತಿಂದಾಗ ನಮ್ಮ ಜೀರ್ಣಾಂಗದಲ್ಲಿ ಲೈಪೇಸ್ ಮಾಡುವುದೂ ಇದೇ ಕೆಲಸ, ಕಳಚುವುದು. ಬ್ಯುಟಿರಿಕ್ ಆಮ್ಲವನ್ನು ನಾವು ತಿಂದ ನಾರಿನಿಂದ ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೇ ತಯಾರಿಸುತ್ತವೆ. ಇಟಲಿಯ ಹಳೆಯ ಗಟ್ಟಿ ಚೀಸಿನ ಘಾಟಿನಲ್ಲಿ ಈ ಆಮ್ಲದ ಪಾಲಿದೆ. ಮೊರಾಕೊದಲ್ಲಿ ಬೆಣ್ಣೆಯನ್ನು ಬೇಕೆಂದೇ ಹಳೆಯದು ಮಾಡಿ ಸ್ಮೆನ್ ಎಂದು ಅಡುಗೆಗೆ ಬಳಸುತ್ತಾರೆ. ಆದ್ದರಿಂದ ಇಲ್ಲಿ ಪ್ರಶ್ನೆ ರುಚಿಯದು. ಮಾರುವುದಾದರೆ ದರ್ಜೆ ಸಿಗದು, ಹೋಳಿಗೆಯ ಮೇಲೆ ಹಾಕಿದರೆ ಅತಿಥಿ ಮುಖ ಸಿಂಡರಿಸಬಹುದು, ಅಷ್ಟೆ. ಇದಕ್ಕೆ ಒಂದು ಎಚ್ಚರಿಕೆ ಸೇರಿಸಿದೆ: ಬೆಣ್ಣೆಯ ಮೇಲೆ ಹಸಿರು, ಕಪ್ಪು ಬೂಸ್ಟು ಕಂಡರೆ ಅದು ಬೇರೆ ವಿಷಯ. ಬೂಸ್ಟು ಬಿಡುವ ವಿಷಗಳಲ್ಲಿ ಕೆಲವು ಕಾಯಿಸಿದರೂ ಹೋಗುವುದಿಲ್ಲ. ಅಂಥ ಬೆಣ್ಣೆಯನ್ನು ಎಸೆಯಬೇಕು.

ಕನರು ವಾಸನೆಯ ಎಣ್ಣೆಗೆ ಉತ್ತರ ಅಷ್ಟು ಹಗುರವಲ್ಲ. ಗೊತ್ತಿಲ್ಲದೆ ಒಂದು ಚಮಚ ತಿಂದವರಿಗೆ ಏನೂ ಆಗುವುದಿಲ್ಲ. ಹಳೇ ಕಡಲೆಬೀಜ ಬಾಯಿಗೆ ಹಾಕಿ ಉಗಿದವರೆಲ್ಲ ಇದಕ್ಕೆ ಸಾಕ್ಷಿ. ಆಲ್ಡಿಹೈಡ್‌ಗಳ ವಾಸನೆ ಅತ್ಯಲ್ಪ ಪ್ರಮಾಣದಲ್ಲೇ ಗೊತ್ತಾಗುವುದರಿಂದ ಮೂಗು ನಮ್ಮನ್ನು ಬೇಗ ತಡೆಯುತ್ತದೆ. ಆದರೆ ಈ ಎಣ್ಣೆಯಲ್ಲಿ ವಿಟಮಿನ್ ಇ ಖರ್ಚಾಗಿ ಹೋಗಿರುತ್ತದೆ. ಹೆಚ್ಚು ಉತ್ಕರ್ಷಣಗೊಂಡ ಎಣ್ಣೆಯನ್ನು ದಿನವೂ ತಿನ್ನಿಸಿದ ಪ್ರಾಣಿಗಳ ಬೆಳವಣಿಗೆ ಕುಂಠಿತವಾದದ್ದನ್ನು ಪ್ರಯೋಗಗಳು ತೋರಿಸಿವೆ. ಮನುಷ್ಯರಿಗೂ ಆದದ್ದಿದೆ: 1964ರಲ್ಲಿ ಜಪಾನಿನಲ್ಲಿ ಎಣ್ಣೆಯಲ್ಲಿ ಕರಿದ ದಿಢೀರ್ ನೂಡಲ್ಸ್‌ನ ಎಣ್ಣೆ ಉತ್ಕರ್ಷಣಗೊಂಡು, ತಿಂದವರಿಗೆ ವಾಂತಿ ಭೇದಿಯಾಯಿತು. ಒಣ ನೂಡಲ್ಸ್‌ನಲ್ಲಿ ಎಣ್ಣೆ ತೆಳುವಾಗಿ ಹರಡಿ ಗಾಳಿಗೆ ಹೆಚ್ಚು ಸಿಗುತ್ತದೆ, ಮಸಾಲೆ ವಾಸನೆಯನ್ನು ಮುಚ್ಚುತ್ತದೆ. ನಮ್ಮ ಅಡುಗೆಮನೆಯಲ್ಲೂ ಅಪಾಯ ಇರುವುದು ಅಲ್ಲೇ. ಕನರು ಎಣ್ಣೆಯನ್ನು ಇಂಗು, ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ "ಗೊತ್ತಾಗದ ಹಾಗೆ" ಬಳಸಿದರೆ ಮೂಗಿನ ಕಾವಲನ್ನು ನಾವೇ ತೆಗೆದಂತೆ. ಇದನ್ನು ಬಳಸದಿರುವುದೇ ಸರಿ.

ವಾಸನೆ ಇಲ್ಲದ ಎಣ್ಣೆ

ಪಾಠ ಮುಗಿಯಿತು ಎಂದುಕೊಂಡಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎಲ್ಲರೂ ಹೊರಗೆ ಹೋಗುವವರೆಗೆ ಕಾದು ನಿಂತ. "ಮಿಸ್, ನಮ್ಮಪ್ಪ ಸಂಜೆ ಬಜ್ಜಿ ಗಾಡಿ ಹಾಕ್ತಾರೆ. ನಿನ್ನೆ ಎಣ್ಣೆಗೇ ಇವತ್ತು ಸ್ವಲ್ಪ ಹೊಸದು ಸೇರಿಸ್ತಾರೆ. ಅದಕ್ಕೆ ಕಮಟು ವಾಸನೆ ಬರೋದೇ ಇಲ್ಲ. ಹಂಗಾದ್ರೆ ಅದು ಸರಿ ಇದೆ ಅಲ್ವಾ?"

ಅವನ ತರ್ಕ ನಾನು ಕಲಿಸಿದ್ದರಿಂದಲೇ ಬಂದದ್ದು: ವಾಸನೆ ಹಾನಿಯ ಗುರುತಾದರೆ, ವಾಸನೆ ಇಲ್ಲದ್ದು ಸುರಕ್ಷಿತ. ಇಲ್ಲಿ ಆ ಗುರುತು ಕೆಲಸ ಮಾಡುವುದಿಲ್ಲ. ಬಾಣಲೆಯಲ್ಲಿ ಎಣ್ಣೆ ಉತ್ಕರ್ಷಣಗೊಳ್ಳುತ್ತಲೇ ಇರುತ್ತದೆ, ಬಜ್ಜಿಯ ನೀರಿನಿಂದ ಆಮ್ಲವೂ ಕಳಚುತ್ತಿರುತ್ತದೆ. ಎರಡೂ ದಾರಿಗಳು ಒಟ್ಟಿಗೆ ನಡೆಯುತ್ತವೆ. ಆದರೆ ವಾಸನೆ ಕೊಡುವ ಚಿಕ್ಕ ಅಣುಗಳು ಅಷ್ಟು ಬಿಸಿಗೆ ಹಬೆಯೊಡನೆ ಹಾರಿಹೋಗುತ್ತವೆ. ಹಾರಲಾಗದ ದೊಡ್ಡ ಧ್ರುವೀಯ ಸಂಯುಕ್ತಗಳು ಎಣ್ಣೆಯಲ್ಲೇ ಉಳಿದು ದಿನದಿಂದ ದಿನಕ್ಕೆ ಹೆಚ್ಚುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರ ಇವುಗಳ ಒಟ್ಟು ಪ್ರಮಾಣಕ್ಕೆ ನೂರಕ್ಕೆ 25ರ ಮಿತಿ ಹಾಕಿದೆ. 2018ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಅದನ್ನು ಮೀರಿದ ಎಣ್ಣೆಯಲ್ಲಿ ಕರಿಯಬಾರದು.

ಗಾಡಿಯ ಹತ್ತಿರ ಅದನ್ನು ಅಳೆಯುವ ಉಪಕರಣ ಇರುವುದಿಲ್ಲ. ಕಣ್ಣಿಗೆ ಕಾಣುವ ಗುರುತುಗಳನ್ನು ಅವನಿಗೆ ಹೇಳಿದೆ. ಎಣ್ಣೆ ಸೌಟಿನಿಂದ ದಪ್ಪಗೆ, ಅಂಟಂಟಾಗಿ ಇಳಿಯುತ್ತದೆ. ಬಜ್ಜಿ ತೆಗೆದ ಮೇಲೂ ನೊರೆ ಇಳಿಯುವುದಿಲ್ಲ. ಮೊದಲಿಗಿಂತ ಬೇಗ ಹೊಗೆಯಾಡುತ್ತದೆ, ಆ ಹೊಗೆಗೆ ಕಣ್ಣು ಉರಿಯುತ್ತದೆ. ಬಣ್ಣ ಕಪ್ಪಾಗುವುದೂ ಒಂದು ಗುರುತು, ಆದರೆ ಮಸಾಲೆಯಿಂದಲೂ ಕಪ್ಪಾಗುವುದರಿಂದ ಅದೊಂದನ್ನೇ ನಂಬಬಾರದು. ಹಳೆಯದಕ್ಕೆ ಹೊಸದನ್ನು ಸೇರಿಸಿದರೆ ಹಳೆಯದು ಸರಿಹೋಗುವುದಿಲ್ಲ, ಹೊಸದು ಬೇಗ ಕೆಡುತ್ತದೆ. ಚಿಕ್ಕ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಟ್ಟು, ಹಿಟ್ಟಿನ ಚೂರುಗಳನ್ನು ಆಗಾಗ ಸೋಸಿದರೆ ದಿನದ ಕೊನೆಗೆ ಉಳಿಯುವ ಎಣ್ಣೆಯೇ ಕಡಿಮೆಯಾಗುತ್ತದೆ. ಇದು ಅವನ ಅಪ್ಪನ ತಪ್ಪು ಎಂಬಂತೆ ಹೇಳದಿರಲು ಪ್ರಯತ್ನಿಸಿದೆ. ಎಣ್ಣೆಯ ಬೆಲೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೌಲ್ಯಮಾಪನ

ಕೊನೆಯಲ್ಲಿ ಕೊಟ್ಟ ಮೂರು ಪ್ರಶ್ನೆಗಳಲ್ಲಿ ವ್ಯಾಖ್ಯೆ ಕೇಳುವ ಪ್ರಶ್ನೆ ಇರಲಿಲ್ಲ.

1. ಕೊಂಡಾಗ ಚೆನ್ನಾಗಿದ್ದ ಎಣ್ಣೆ ಮೂರು ತಿಂಗಳ ನಂತರ ಬಣ್ಣದ ಡಬ್ಬಿಯಂತೆ ನಾರುತ್ತಿದೆ. ಇದು ಯಾವ ದಾರಿ? ಯಾವ ಪರೀಕ್ಷೆ ಇದನ್ನು ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ?
2. ತುಪ್ಪಕ್ಕೆ ಕಾಯಿಸಿದ ದಿನವೇ ಹುಳಿ ವಾಸನೆ ಇದೆ. ತಪ್ಪು ಎಲ್ಲಿ ಆಗಿದೆ? ಚೆಲ್ಲಬೇಕೇ?
3. ವಾಸನೆ ಇಲ್ಲ ಎಂಬ ಕಾರಣಕ್ಕೆ ಸುರಕ್ಷಿತ ಎನ್ನಲಾಗದ ಎಣ್ಣೆ ಯಾವುದು? ಏಕೆ?

ಮೊದಲ ಎರಡಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. ಮೂರನೆಯದರಲ್ಲಿ "ಏಕೆ" ಎಂಬುದಕ್ಕೆ ಹಲವರು ಎಡವಿದರು. ವಾಸನೆಯ ಅಣುಗಳು ಹಾರಿಹೋಗುವ ಮಾತನ್ನು ನಾನು ಒಬ್ಬನಿಗೆ ತರಗತಿಯ ಹೊರಗೆ ಹೇಳಿದ್ದೆ, ತರಗತಿಯಲ್ಲಿ ಅವಸರದಲ್ಲಿ ದಾಟಿದ್ದೆ. ಈ ಪಾಠವನ್ನು ಮತ್ತೆ ಮಾಡುವವರು ಮೂರನೇ ಅವಧಿಯ ಕೊನೆಯ ಹತ್ತು ನಿಮಿಷವನ್ನು ಅದಕ್ಕೇ ಇಟ್ಟುಕೊಳ್ಳಬೇಕು.

ಸ್ವಅವಲೋಕನ

ನನ್ನ ಮೊದಲ ಉತ್ತರದಲ್ಲಿ ಎರಡು ತಪ್ಪುಗಳಿದ್ದವು. ಪುಸ್ತಕದಲ್ಲಿದ್ದ ಒಂದೇ ಕ್ರಿಯೆಯನ್ನು ಎಲ್ಲ ಕಮಟಿಗೂ ಅನ್ವಯಿಸಿದೆ. ವಾಸನೆಯನ್ನು ನೇರವಾಗಿ ಹಾನಿಯ ಅಳತೆ ಮಾಡಿದೆ. ಮೊದಲನೆಯದರಿಂದ ಒಂದು ಮನೆಯ ಒಳ್ಳೆಯ ತುಪ್ಪ ತಿಪ್ಪೆ ಸೇರಿತು. ಎರಡನೆಯದರಿಂದ ಒಂದು ಬಾಣಲೆಯ ಎಣ್ಣೆ ಸುರಕ್ಷಿತ ಎನಿಸಿಕೊಳ್ಳುವುದರಲ್ಲಿತ್ತು.

ಕೊನೆಯ ದಿನ ಹುಡುಗಿ ಮನೆಯ ಸುದ್ದಿ ಹೇಳಿದಳು. ಉಳಿದರ್ಧ ತುಪ್ಪವನ್ನು ಸೋಸಿ, ಹುಗ್ಗಿಗೂ ಸಾರಿನ ಒಗ್ಗರಣೆಗೂ ಬಳಸುತ್ತಿದ್ದಾರಂತೆ. ಇನ್ನು ಮೇಲೆ ಬೆಣ್ಣೆ ನಾಲ್ಕು ದಿನದ್ದಾದ ಕೂಡಲೇ ಸ್ವಲ್ಪವಾದರೂ ಸರಿ, ಕಾಯಿಸಿಬಿಡುವುದೆಂದು ತೀರ್ಮಾನವಾಗಿದೆಯಂತೆ. "ಅದು ಅಜ್ಜಿಗೆ ಮೊದಲೇ ಗೊತ್ತಿತ್ತಂತೆ ಮಿಸ್, ಸೌದೆ ಉಳಿಸೋಕೆ ಕಾಯಿಸ್ತಾ ಇರ್ಲಿಲ್ಲ ಅಷ್ಟೆ" ಎಂದಳು.